ಸಂತೆಯ ದಿನ, ಕೆಂಪು ಬೋರ್ಡಿನ ಬೇಕರಿ

ಅತ್ತೆಯವರು ತೀರಿಕೊಂಡ ಮೇಲೆ ಅವರ ಗಾಲಿಕುರ್ಚಿಯನ್ನು ಮೊಬೈಲಿನಲ್ಲಿ ಹಳೆ ಸಾಮಾನು ಮಾರುವ ಆ್ಯಪಿಗೆ ಹಾಕಿದ್ದೆ. ಯಲಬುರ್ಗಾ ಕಡೆಯ ಹೆಣ್ಣುಮಗಳೊಬ್ಬಳು ಬೇಕೆಂದು ಅದರಲ್ಲೇ ಬರೆದಳು. ಅವಳ ತಾಯಿಯ ಸೊಂಟ ಮುರಿದಿತ್ತು. ಸೋಮವಾರ ಕೊಪ್ಪಳದ ದವಾಖಾನೆಗೆ ಕರೆದೊಯ್ಯಬೇಕಿತ್ತು, ಅಷ್ಟರೊಳಗೆ ಕುರ್ಚಿ ಕೈಗೆ ಸಿಗಬೇಕಿತ್ತು.

“ನಮ್ಮಣ್ಣ ಸಂಜೀಕ ಬೈಕಿನ ಮ್ಯಾಲೆ ಬರ್ತಾನ್ರಿ, ಬೈಪಾಸಿಗೆ ತರ್ತೀರೇನು?” ಎಂದು ಧ್ವನಿ ಸಂದೇಶ ಕಳಿಸಿದಳು.

“ಬೈಪಾಸಿನಾಗ ನಾಯಿ ಬಿಟ್ರ ಯಾರೂ ಇರಂಗಿಲ್ಲವ್ವಾ. ನೀನ ಬಾ, ಹಗಲೊತ್ತು.”

ಮನೆಗೆ ಕರೆಯಲೂ ಮನಸ್ಸಾಗಲಿಲ್ಲ; ಹಗಲಲ್ಲಿ ನಾನೊಬ್ಬಳೇ. ಕುಷ್ಟಗಿ ಬಸ್ ನಿಲ್ದಾಣದ ಎದುರಿನ ಬೇಕರಿ ಹೇಳಿದೆ. ಬಸ್ಸಿಳಿದು ರಸ್ತೆ ದಾಟಿದರೆ ಸಾಕು, ಪಕ್ಕದಲ್ಲಿ ಔಷಧಿ ಅಂಗಡಿ, ಸದಾ ಜನ. ಅದರ ಕೆಂಪು ಬೋರ್ಡಿನ ಫೋಟೋ ತೆಗೆದು ಕಳಿಸಿದೆ. ಅವಳು ಶನಿವಾರ ಎಂದಳು. ಅಂದು ಅಮಾವಾಸ್ಯೆ, ಅಮಾವಾಸ್ಯೆಗೆ ನಮ್ಮಲ್ಲಿ ಮನೆಯ ವಸ್ತು ಹೊರಗೆ ಕೊಡುವುದಿಲ್ಲ. ರವಿವಾರ ಹನ್ನೊಂದಕ್ಕೆ ಎಂದು ಇಬ್ಬರೂ ಖಾತ್ರಿ ಮಾಡಿಕೊಂಡೆವು. ಅಂದು ಸಂತೆ. ಜನ ಹೆಚ್ಚಿದ್ದಷ್ಟು ಧೈರ್ಯ ಎಂದುಕೊಂಡೆ.

ಆಟೋ ಇಳಿದು ನೋಡಿದರೆ ಬೇಕರಿಯೇ ಕಾಣುತ್ತಿಲ್ಲ. ವ್ಯಾಪಾರಿಗಳು ಅದರ ಮುಂದೆ ತಾಡಪಾಲು ಕಟ್ಟಿದ್ದರು. ಕೆಂಪು ಬೋರ್ಡು ಅದರ ಹಿಂದೆ ಮುಚ್ಚಿಹೋಗಿತ್ತು. ಮೆಣಸಿನಕಾಯಿ ರಾಶಿಯ ಪಕ್ಕ ಕುರ್ಚಿ ಬಿಚ್ಚಿ ನಿಂತೆ. ‘ಎಲ್ಲಿದ್ದೀಯವ್ವಾ’ ಎಂದು ಬರೆದೆ. ಆ ಗದ್ದಲದಲ್ಲಿ ನೆಟ್ ಹತ್ತಲಿಲ್ಲ, ಸಂದೇಶ ಹೋಗಲೇ ಇಲ್ಲ. ಗುರುತಿಲ್ಲದವರಿಗೆ ನಂಬರ್ ಕೊಡಬೇಡ ಎಂದು ಮನೆಯವರು ಹೇಳಿದ್ದರಿಂದ ನಾನು ಕೊಟ್ಟಿರಲಿಲ್ಲ, ಅವಳದ್ದು ಕೇಳಿರಲಿಲ್ಲ.

ಮೆಣಸಿನಕಾಯಿ ಮಾರುವವಳು ಕೇಳಿದಳು: “ಪೇಶಂಟ್ ಎಲ್ಲಿ ಅದಾರವ್ವಾ?”

“ಪೇಶಂಟ್ ಇಲ್ಲಬೇ, ಕುರ್ಚಿ ಮಾರಾಕ ಬಂದೀನಿ.”

“ಹಂಗಾರ ನಂಗರ ಕೊಡು, ಕುಂತ ವ್ಯಾಪಾರ ಮಾಡ್ತೀನಿ” ಎಂದು ನಕ್ಕಳು.

ಅಷ್ಟರಲ್ಲಿ ದಣಿದ ಅಜ್ಜನೊಬ್ಬ ಕೇಳದೆಯೇ ಕುರ್ಚಿಯಲ್ಲಿ ಕುಳಿತುಬಿಟ್ಟ. ಹೋಗುವ ಬರುವ ಹೆಣ್ಣುಮಕ್ಕಳ ಮುಖ ನೋಡುತ್ತ ನಿಂತೆ. ಯಾರು ಅವಳೋ ಹೇಗೆ ತಿಳಿಯಬೇಕು? ಯಾವ ಸೀರೆ ಎಂದು ಕೂಡ ಕೇಳಿರಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಕುರ್ಚಿ ಮಡಚಿ ಮನೆಗೆ ತಂದೆ. ದಾರಿಯಲ್ಲಿ ನೆಟ್ ಹತ್ತಿ ಅವಳ ಸಂದೇಶಗಳೆಲ್ಲ ಒಮ್ಮೆಲೇ ಬಂದವು. ಕೊನೆಯದು: “ಕೆಂಪು ಬೋರ್ಡು ಸಿಗಲಿಲ್ರಿ ಅಕ್ಕಾರ. ಎರಡು ಸಲ ಆ ಕಡಿಯಿಂದ ಈ ಕಡಿ ಅಡ್ಡಾಡಿದ್ನಿ. ಅವ್ವ ಒಬ್ಬಾಕಿನ ಅದಾಳ, ಬಸ್ ಹತ್ತಿನಿ.”

ಇನ್ನೊಂದು ದಿನ ಬಸ್ ನಿಲ್ದಾಣದ ಒಳಗೇ, ವಿಚಾರಣೆ ಕಿಟಕಿಯ ಮುಂದೆ ಸಿಗೋಣ, ಅಲ್ಲಿ ಯಾವ ಸಂತೆಯೂ ಕೂರುವುದಿಲ್ಲ ಎಂದು ಬರೆದೆ. ನನ್ನ ನಂಬರನ್ನೂ ಹಾಕಿದೆ.

“ಆತ್ರಿ” ಎಂದಳು. “ನಾಳೆ ದವಾಖಾನಿಗೆ ಅವ್ವನ್ನ ಅಣ್ಣನ ಎತ್ಕೊಂಡ ಹೋಗ್ತಾನ್ರಿ.”

ಒಂದು ಮಾತೂ ಬೈಯಲಿಲ್ಲ, ದೇವರ ದಯೆ. ಸೋಮವಾರ ಬೆಳಿಗ್ಗೆ ಪೂಜೆಗೆ ಕುಳಿತೆ. ಆ ಅಣ್ಣನ ತೋಳಿಗೆ ಬಲ ಕೊಡಪ್ಪಾ ಎಂಬುದರ ಹೊರತು ಬೇರೇನೂ ಕೇಳಲು ತೋಚಲಿಲ್ಲ.