ಅಮ್ಮನಿಗೆ ತೋರಿಸದ ಪ್ರೀಮಿಯರ್

ನನ್ನ ಮೊದಲ ಕಿರುಚಿತ್ರಕ್ಕೆ ಕ್ಯಾಮೆರಾ ಹಿಡಿದವನು ಹೊಸನಗರದ ಗೆಳೆಯ. ಹೊಟ್ಟೆಪಾಡಿಗೆ ಮದುವೆ ವಿಡಿಯೊ ಮಾಡುವವನು. ಚಿತ್ರವನ್ನು ಯಾವ ಚಿತ್ರೋತ್ಸವಕ್ಕೆ ಕಳಿಸುವುದೆಂಬ ತಂತ್ರಗಾರಿಕೆ ಮಾತ್ರ ಸಾಗರದಲ್ಲಿದ್ದ ನನ್ನದು. ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ ಆನ್‌ಲೈನ್ ಉತ್ಸವಗಳನ್ನು ಮೂಗು ಮುರಿದು ಕೈಬಿಟ್ಟೆ. ಅಲ್ಲಿ ಶುಲ್ಕ ಕಟ್ಟಿದವರೆಲ್ಲ ಶ್ರೇಷ್ಠ ನಿರ್ದೇಶಕರೇ. ಬೇಗ ಕಳಿಸಿದವರಿಗೆ ಶುಲ್ಕ ಕಡಿಮೆಯೆಂದು ಒಂದು ದೊಡ್ಡ ಉತ್ಸವಕ್ಕೆ ಮೊದಲೇ ಕಳಿಸಿದೆ. ಎಲ್ಲ ಉತ್ಸವಗಳೂ ಕೇಳದ ಷರತ್ತೊಂದು ಅದರ ಸ್ಪರ್ಧೆಗಿತ್ತು: ಚಿತ್ರ ಮೊದಲು ಎಲ್ಲಿಯೂ ಸಾರ್ವಜನಿಕವಾಗಿ ಪ್ರದರ್ಶನವಾಗಿರಬಾರದು; ಪ್ರೀಮಿಯರ್, ಅಂದರೆ ಮೊದಲ ಪ್ರದರ್ಶನ, ಅಲ್ಲೇ ಆಗಬೇಕು.

ಅಂದಿನಿಂದ ಚಿತ್ರವನ್ನು ನಿಧಿ ಕಾಯುವ ಸರ್ಪದಂತೆ ಕಾದೆ. ಅಮ್ಮ ಕೇಳಿದರೂ ತೋರಿಸಲಿಲ್ಲ. ಮನೆಯಲ್ಲಿ ಅವಳೊಬ್ಬಳು ನೋಡಿದರೆ ಪ್ರೀಮಿಯರ್ ಕೆಡುವುದಿಲ್ಲವೆಂದು ಗೊತ್ತಿತ್ತು. ಆದರೂ ‘ವರ್ಲ್ಡ್ ಪ್ರೀಮಿಯರ್ ಆಗ್ಲಿ’ ಎನ್ನುವುದು ಬಾಯಿಗೆ ರುಚಿಯಾಗಿತ್ತು.

ಕೊನೆಗೂ ಚಿತ್ರ ಆಯ್ಕೆಯಾಗಿದೆಯೆಂದು ಇಮೇಲ್ ಬಂತು. ಅಡುಗೆಮನೆಗೆ ಓಡಿದೆ.

“ಅಮ್ಮಾ, ಇನ್ನು ನೀನೂ ನೋಡ್ಬೋದು!”

“ನಾ ಆಗ್ಲೇ ನೋಡಿದ್ನಲ್ಲ. ನೀನು ಬರ್ಲಿಲ್ವಲ್ಲ, ಆ ಹೊಸನಗರದ ಮದ್ವೆಲಿ, ದೊಡ್ಡ ಪರದೆ ಮೇಲೆ ಹಾಕಿದ್ದ ನಿನ್ನ ಗೆಳೆಯ. ನೀನು ತೋರ್ಸಲ್ಲ ಅಂದ್ಯಲ್ಲ, ಅದ್ಕೇ ಹೇಳ್ಲಿಲ್ಲ.”

ಗೆಳೆಯನಿಗೆ ಫೋನ್ ಮಾಡಿ ಕೂಗಾಡಿದೆ.

“ಹುಡುಗಿ ಅಲಂಕಾರ ಮುಗ್ದಿರ್ಲಿಲ್ಲ ಮಾರಾಯ, ಪರದೆ ಖಾಲಿ ಇತ್ತು. ತೀರ್ಥಹಳ್ಳಿ ದಿಬ್ಬಣದೋರು ಎಷ್ಟು ಮೆಚ್ಕಂಡ್ರು ಗೊತ್ತಾ!”

ಉತ್ಸವದವರಿಗೆ ಇದ್ದದ್ದನ್ನು ಬರೆದೆ, ಸ್ಪರ್ಧೆಯಿಂದ ಕೈಬಿಟ್ಟರು. ಹಾಗೆ ನನ್ನ ವರ್ಲ್ಡ್ ಪ್ರೀಮಿಯರ್ ತುಂಬಿದ ಮಂಟಪದಲ್ಲಿ ನಡೆದುಹೋಗಿತ್ತು. ಬಾರದೆ ಉಳಿದವನು ನಿರ್ದೇಶಕನೊಬ್ಬನೇ. ಅವನು ಅಂದು ಮನೆಯಲ್ಲಿ ಕೂತು, ಯಾರೂ ನೋಡದಿರಲೆಂದು ಚಿತ್ರದ ಆನ್‌ಲೈನ್ ಲಿಂಕಿನ ಪಾಸ್‌ವರ್ಡ್ ಬದಲಿಸುತ್ತಿದ್ದ.