ಅರ್ಧ ಎಕರೆಗೆ ಐದು ಚೀಲ ಯೂರಿಯಾ

ಆ ವರ್ಷ ಮೆಕ್ಕೆಜೋಳ ಬಿತ್ತುವ ಹೊತ್ತಿಗೆ ನನ್ನ ಗಂಡ ಸೊಂಟದ ಮೂಳೆ ಮುರಿದುಕೊಂಡು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದರು. ಭದ್ರಾವತಿಯ ಹೊರಗೆ ನಮಗಿದ್ದದ್ದು ಅರ್ಧ ಎಕರೆ. ಅತ್ತೆಯೂ ನಾನೂ ಸೇರಿ ಬಿತ್ತಬೇಕಾಯಿತು. ಬಿತ್ತನೆಗೆ ಮೊದಲೇ ಗಂಡ ಮಣ್ಣು ಪರೀಕ್ಷೆಗೆ ಕೊಟ್ಟಿದ್ದರು. ರಿಪೋರ್ಟ್ ಅವರ ಮೊಬೈಲಿಗೆ ಬಂದಿತ್ತು. ಹಾಸಿಗೆಯಲ್ಲಿದ್ದುಕೊಂಡೇ ಒಂದು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದರು.

ಸಾರಜನಕ 212, ರಂಜಕ 48, ಪೊಟ್ಯಾಷ್ 190. ಅದರಲ್ಲಿ ಕಂಡದ್ದು ಇಷ್ಟೇ. ಮೇಲಿನ ತಲೆಬರಹವೂ ಕೆಳಗಿನ ಭಾಗವೂ ಕತ್ತರಿಸಿಹೋಗಿದ್ದವು. ಪಿಯುಸಿ ಓದಿದವಳು ನಾನು; ಇದನ್ನು ಅರ್ಥಮಾಡಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ ಅಂದುಕೊಂಡೆ. ಸಾರಜನಕವೆಂದರೆ ಯೂರಿಯಾ ಎಂಬುದು ಗೊತ್ತಿತ್ತು. ಚೀಲಕ್ಕೆ ನಲವತ್ತೈದು ಕಿಲೋ; 212 ಕಿಲೋ ಎಂದರೆ ಹತ್ತಿರ ಹತ್ತಿರ ಐದು ಚೀಲ. ಅರ್ಧ ಬಿತ್ತನೆಗೆ, ಅರ್ಧ ಆಮೇಲೆ.

ಚೀಲಗಳನ್ನು ಇಳಿಸಿದಾಗ ಅತ್ತೆ ಗಾಬರಿಯಾದರು. "ಇದೇನೇ ಮಾರಾಯ್ತಿ, ಇಷ್ಟೊಂದು? ಅವನು ಯಾವತ್ತೂ ಇಷ್ಟು ತಂದೋನಲ್ಲ."

"ಅತ್ತೆ, ಇದು ಮಣ್ಣು ನೋಡಿ ಕೊಟ್ಟಿರೋ ಲೆಕ್ಕ. ನಿಮ್ಮ ಮುಷ್ಟಿ ಲೆಕ್ಕ ಅಲ್ಲ."

ನನ್ನ ದನಿ ಗಡುಸಾಗಿತ್ತು. ಎರಡೂವರೆ ಚೀಲವನ್ನು ಸಾಲುಗಳಿಗೆ ಸುರಿದು, ಅದರ ಮೇಲೇ ಬೀಜ ಬಿಟ್ಟು ಮಣ್ಣು ಮುಚ್ಚಿದೆವು.

ಒಂದು ವಾರವಾಯಿತು. ಅಕ್ಕಪಕ್ಕದ ಹೊಲಗಳಲ್ಲಿ ಹಸಿರು ಗೆರೆ ಎದ್ದಿತ್ತು. ನಮ್ಮದು ಬರಿಯ ಕೆಂಪು ಮಣ್ಣು. ಹತ್ತನೇ ದಿನ ಸಾಲನ್ನು ಕೈಯಿಂದ ಕೆದಕಿದೆ. ಬೀಜ ಊದಿಕೊಂಡು ಕೊಳೆತಿತ್ತು. ಒಂದೆರಡು ಮೊಳಕೆ ಕಂಡವು, ತುದಿ ಕಂದಿತ್ತು. ಇನ್ನೊಂದು ಸಾಲು ಕೆದಕಿದೆ, ಮತ್ತೊಂದು ಕೆದಕಿದೆ. ಹೊಲದ ಆ ತುದಿಯವರೆಗೂ ಮಂಡಿಯೂರಿ ಹೋದೆ. ಎಲ್ಲೂ ಜೀವವಿರಲಿಲ್ಲ. ಅಲ್ಲೇ ಕೂತು ಬಿಕ್ಕಿಬಿಕ್ಕಿ ಅಳತೊಡಗಿದೆ. ಹಿಂದಿನಿಂದ ಅತ್ತೆಯವರು ಬಂದು ನನ್ನ ಕೈಯ ಮಣ್ಣನ್ನು ತಮ್ಮ ಸೆರಗಿನಿಂದ ಒರೆಸಿದರು. ನಾನು ಹೇಳಿದ್ದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಮಾರನೆಯ ದಿನ ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಮೇಡಂ ನನ್ನ ಮೊಬೈಲನ್ನು ತೆಗೆದುಕೊಂಡು ಸ್ಕ್ರೀನ್‌ಶಾಟನ್ನು ಹಿಗ್ಗಿಸಿ ನೋಡಿದರು.

"ಅಮ್ಮಾ, ಇದು ಹಾಕ್ಬೇಕಾಗಿರೋದಲ್ಲ. ನಿಮ್ಮ ಮಣ್ಣಲ್ಲಿ ಈಗ ಇರೋದು. ಅದೂ ಒಂದು ಹೆಕ್ಟೇರಿಗೆ, ಅಂದ್ರೆ ಎರಡೂವರೆ ಎಕರೆಗೆ. ಎಷ್ಟು ಹಾಕ್ಬೇಕು ಅನ್ನೋ ಶಿಫಾರಸು ಕೆಳಗಡೆ ಇರುತ್ತೆ. ಪೂರ್ತಿ ರಿಪೋರ್ಟ್ ಎಲ್ಲಿ?"

"ಯಜಮಾನರ ಮೊಬೈಲಲ್ಲಿ."

"ಬೀಜದ ಪಕ್ಕದಲ್ಲೇ ಅಷ್ಟು ಯೂರಿಯಾ ಬಿದ್ರೆ ಮೊಳಕೆ ಸುಟ್ಟೇ ಹೋಗುತ್ತೆ ಅಮ್ಮಾ."

ಶಿವಮೊಗ್ಗದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಳ್ಳು ಹುಡುಕಿದೆ. ಮಳೆ ಬರಲಿಲ್ಲ ಎನ್ನಲೇ, ಬೀಜ ಕೆಟ್ಟಿತ್ತು ಎನ್ನಲೇ. ವಾರ್ಡಿನಲ್ಲಿ ಅವರ ಮುಖ ನೋಡುತ್ತಲೇ ಎಲ್ಲವನ್ನೂ ಒದರಿಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡರು. ಬೈಯಲಿ ಎಂದು ಕಾದೆ.

"ಕತ್ತರಿಸಿದ್ದನ್ನ ಕಳಿಸಿದ್ದು ನಾನೇ ಅಲ್ವಾ," ಎಂದರು. "ಮೊಬೈಲ್ ತಗೋ."

ಪೂರ್ತಿ ರಿಪೋರ್ಟನ್ನು ಮೇಡಂಗೆ ಕಳಿಸಿದೆ. ಅವರು ಫೋನ್ ಮಾಡಿ, ನನ್ನ ಕೈಯಲ್ಲೇ ಲೆಕ್ಕ ಬರೆಸಿದರು. ಸಾರಜನಕ ಕಡಿಮೆಯಿರುವುದರಿಂದ ನಮ್ಮ ಜೋಳಕ್ಕೆ ಹೆಕ್ಟೇರಿಗೆ 125 ಕಿಲೋ. ಎರಡೂವರೆಯಿಂದ ಭಾಗಿಸಿದರೆ ಎಕರೆಗೆ 50, ಅರ್ಧ ಎಕರೆಗೆ 25. ರಂಜಕ ಹತ್ತು ಕಿಲೋ ಬೇಕು. ಅದಕ್ಕೆ ಡಿಎಪಿ ಗೊಬ್ಬರ ಇಪ್ಪತ್ತೆರಡು ಕಿಲೋ. ಆ ಡಿಎಪಿಯಲ್ಲೇ ನಾಲ್ಕು ಕಿಲೋ ಸಾರಜನಕ ಬರುತ್ತದೆ. ಉಳಿದ ಇಪ್ಪತ್ತೊಂದಕ್ಕೆ ಯೂರಿಯಾ, ನೂರು ಕಿಲೋದಲ್ಲಿ ನಲವತ್ತಾರೇ ಸಾರಜನಕ ಇರುವುದರಿಂದ, ಸುಮಾರು ನಲವತ್ತಾರು ಕಿಲೋ.

ಒಂದು ಚೀಲ. ಇಡೀ ಬೆಳೆಗೆ ಒಂದೇ ಚೀಲ. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

"ಮತ್ತೆ ಬಿತ್ತಬಹುದಾ ಮೇಡಂ?"

"ಒಂದು ಒಳ್ಳೆ ಮಳೆ ಆಗ್ಲಿ. ಹಳೇ ಸಾಲು ಬಿಟ್ಟು ನಡುವೆ ಬಿತ್ತಿ. ಯೂರಿಯಾ ಮುಟ್ಟಲೇಬೇಡಿ. ಆದ್ರೆ ಗ್ಯಾರಂಟಿ ಕೊಡಲ್ಲ ಅಮ್ಮಾ, ತಡವಾಗಿದೆ."

ಮಳೆಗಾಗಿ ಕಾದೆವು. ಎಂಟು ದಿನಕ್ಕೆ ಮಳೆ ಬಂತು. ಬಿತ್ತಿದೆವು. ಅಲ್ಲಲ್ಲಿ ಬೋಳು ಬಿಟ್ಟು ಪೈರು ಎದ್ದಿತು. ಕೊಯ್ಲಿನಲ್ಲಿ ಹಿಂದಿನ ವರ್ಷದ ಅರ್ಧಕ್ಕಿಂತ ಕೊಂಚ ಹೆಚ್ಚು ಬಂತು, ಅಷ್ಟೆ. ಅಷ್ಟರಲ್ಲಿ ಊರುಗೋಲು ಹಿಡಿದು ಮನೆಗೆ ಬಂದಿದ್ದ ಗಂಡ ಜಗಲಿಯಲ್ಲಿ ಕೂತು ತೆನೆ ಸುಲಿದರು. ತೆನೆಗಳು ಸಣ್ಣವು. ಸುಲಿದದ್ದನ್ನು ಅತ್ತೆಯೂ ನಾನೂ ಚೀಲಕ್ಕೆ ತುಂಬಿದೆವು.