ಹದಿನೈದು ಹೆಚ್ಚಾದ ಹಾಡುಗಳು

ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಗೀಟಕ್ಕ ಎಂದೇ. ಇಂಗ್ಲಿಷ್ ಸಂಶೋಧನಾ ಪತ್ರಿಕೆಯ ಲೇಖನಗಳಲ್ಲಿ ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಬಂದರೆ ದೀರ್ಘ ಸ್ವರದ ನೆತ್ತಿಗೆ ಗೀಟು ಎಳೆಯದೆ ಆಕೆ ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಯಾವ ಪದವನ್ನು ಹೇಗೆ ಬರೆಯಬೇಕೆಂದು ಗುರುತು ಹಾಕಿಟ್ಟ ದಪ್ಪ ನೋಟ್‌ಬುಕ್ಕೊಂದು ಸದಾ ಪಕ್ಕದಲ್ಲಿರುತ್ತಿತ್ತು.

ಹಿಂದಿನ ಸಂಚಿಕೆಯಲ್ಲಿ ಒಬ್ಬನೇ ಕವಿ ಎರಡು ಬಗೆಯ ಹೆಸರಿನಲ್ಲಿ ಅಚ್ಚಾಗಿ, ಸೂಚಿಯಲ್ಲಿ ಇಬ್ಬರು ಕವಿಗಳಾಗಿಬಿಟ್ಟಿದ್ದ. "ಇನ್ನೊಂದು ಸಲ ಹೀಗಾದ್ರೆ ಕೆಲಸ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ ಅಕ್ಕಾ," ಎಂದು ಸಂಪಾದಕ ಈ ಸಂಚಿಕೆ ಅಚ್ಚಿಗೆ ಹೋಗುವ ದಿನ ಬೆಳಿಗ್ಗೆಯೇ ಎಚ್ಚರಿಸಿದ್ದ.

ಈ ಸಲದ್ದು ದೋಣಿಯವರ ಹಾಡುಗಳ ಮೇಲಿನ ಲೇಖನ. ಲೇಖಕರು 'ಹಾಡು' ಪದವನ್ನು ಒಂದು ಕಡೆ ಒಂದು 'a', ಇನ್ನೊಂದು ಕಡೆ ಎರಡು 'a' ಹಾಕಿ ಮನಸ್ಸಿಗೆ ಬಂದ ಹಾಗೆ ಬರೆದಿದ್ದರು. ಗೀಟಕ್ಕ ಮೊದಲೇ ಎಣಿಸಿದ್ದಳು: ಲೇಖಕರ ಸ್ವಂತ ಮಾತಿನಲ್ಲಿ ನಲವತ್ತೆಂಟು ಸಲ. ನಾಲ್ಕು ಗಂಟೆಗೆ ಪುಟಗಳು ಅಚ್ಚಿಗೆ ಹೋಗಬೇಕು. ಒಂದೊಂದನ್ನೇ ನೋಡಿ ತಿದ್ದುವಷ್ಟು ಪುರುಸೊತ್ತಿಲ್ಲದೆ, ಎಂದೂ ಮಾಡದವಳು ಎಲ್ಲವನ್ನೂ ಒಟ್ಟಿಗೆ ಗೀಟಿನ 'ā'ಗೆ ಬದಲಾಯಿಸಿ, ಪುಟ ಕಟ್ಟುವವನಿಗೆ ಕಳಿಸಿಬಿಟ್ಟಳು.

ಆಮೇಲೆ, ಎಷ್ಟು ಕಡೆ ಬದಲಾಯಿತೆಂದು ಪರದೆ ತೋರಿಸುತ್ತಿದ್ದ ಸಂಖ್ಯೆ ಕಣ್ಣಿಗೆ ಬಿತ್ತು. ಅರವತ್ಮೂರು.

ಹೆಚ್ಚಾದ ಹದಿನೈದು ಎಲ್ಲಿಂದ ಬಂದವು? ತೆರೆದು ನೋಡಿದರೆ, ಬೇರೆಯವರ ಪುಸ್ತಕದಿಂದ ಎತ್ತಿಕೊಂಡ ಸಾಲುಗಳಲ್ಲಿ ಒಂಬತ್ತು, ಕೊನೆಯ ಗ್ರಂಥಸೂಚಿಯಲ್ಲಿ ಆರು. ಹಳೆಯ ಪುಸ್ತಕಗಳ ಹೆಸರೇ ಬದಲಾಗಿ ಕೂತಿತ್ತು. ಆ ಹೆಸರು ಹಿಡಿದು ಗ್ರಂಥಾಲಯಕ್ಕೆ ಹೋದವರು ಬರಿಗೈಯಲ್ಲಿ ಬರಬೇಕಾದೀತು.

ಗಂಟೆ ಮೂರೂ ಕಾಲು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಪದವೆಲ್ಲ ಒಂದೇ ಥರ ಇದೆಯೆಂದು ಸಂಪಾದಕ ಬೆನ್ನು ತಟ್ಟಿಯಾನು. ಬಾಯಿಬಿಟ್ಟರೆ ಕೆಲಸಕ್ಕೇ ಸಂಚಕಾರ. ಗೀಟಕ್ಕನಿಗೆ ನಿಜವಾಗಿಯೂ ಭಯವಾಯಿತು. ಐವತ್ನಾಲ್ಕನೆಯ ವಯಸ್ಸಿನಲ್ಲಿ ಈ ಗೀಟುಗಳನ್ನು ಹೊತ್ತುಕೊಂಡು ಇನ್ನೆಲ್ಲಿಗೆ ಹೋಗುವುದು?

ನೋಟ್‌ಬುಕ್ ಎತ್ತಿಕೊಂಡು ಸಂಪಾದಕನ ಕೋಣೆಗೆ ಹೋದಳು.

"ಪುಟ ತಡೀರಿ. ನಾನು ತಪ್ಪು ಮಾಡಿದೀನಿ."

ಕೇಳಿ ಅವನ ಮುಖ ಗಂಟಿಕ್ಕಿತು. ಫೋನ್ ಎತ್ತಿ ಅಚ್ಚಿನವರಿಂದ ಒಂದು ಗಂಟೆ ಬೇಡಿಕೊಂಡ. ಪುಟ ಕಟ್ಟುವವನ ಪಕ್ಕ ಕೂತು, ಲೇಖಕರ ಮೂಲ ಪ್ರತಿಯನ್ನೂ ತನ್ನಲ್ಲಿದ್ದ ಹಳೆಯ ಪುಸ್ತಕಗಳ ಮುಖಪುಟದ ನಕಲನ್ನೂ ಎದುರಿಗಿಟ್ಟುಕೊಂಡು, ಗೀಟಕ್ಕ ಹದಿನೈದು ಗೀಟುಗಳನ್ನು ಒಂದೊಂದಾಗಿ ಅಳಿಸಿಸಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಪುಟಗಳು ಹೋದವು.

ಅವಳು ತಿರುಗಿ ಬಂದಾಗ ಸಂಪಾದಕ, ಅವಳು ತನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದ ನೋಟ್‌ಬುಕ್ಕಿನ ಮೊದಲ ಪುಟ ನೋಡುತ್ತಿದ್ದ. ಶಾಯಿ ಮಾಸಿದ ಮೊದಲ ಸಾಲು: 'ಬೇರೆಯವರ ಮಾತು, ಪುಸ್ತಕದ ಹೆಸರು ಇದ್ದ ಹಾಗೇ ಇರಲಿ.'

"ಇದನ್ನ ಬರೆದವ್ರು ಯಾರು?"

"ನಾನೇ. ಕೆಲಸಕ್ಕೆ ಸೇರಿದ ವಾರ."

ಅವನು ತಲೆ ತಗ್ಗಿಸಿದ. "ಮುಂದಿನ ಸಂಚಿಕೆ ಬೇರೆಯವ್ರಿಗೆ ಹೇಳಾಯ್ತು ಅಕ್ಕಾ. ಬೆಳಿಗ್ಗೆ ನಿಮ್ಮನ್ನ ಎಚ್ಚರಿಸೋಕೆ ಮೊದ್ಲೇ ಹೇಳಿಬಿಟ್ಟಿದ್ದೆ."

ಗೀಟಕ್ಕ ನೋಟ್‌ಬುಕ್ಕನ್ನು ಅವನ ಕಡೆಗೇ ಸರಿಸಿದಳು.

"ಹಾಗಾದ್ರೆ ಇದನ್ನ ಅವ್ರಿಗೆ ಕೊಡಿ," ಎಂದಳು. "ಮೊದಲನೇ ಸಾಲು ಎರಡು ಸಲ ಓದೋಕೆ ಹೇಳಿ."